ಜಾರುವ ಏಣಿಯ ಮಧ್ಯಬಿಂದು ಸಾಗುವ ಹಾದಿ: ಲಂಬಕೋನ ತ್ರಿಭುಜದ ಮಧ್ಯರೇಖೆಯ ಮೂಲಕ ಹಂತಹಂತವಾದ ವಿವರಣೆ

ಗೋಡೆಗೆ ಒರಗಿಸಿಟ್ಟ ಏಣಿಯ ಬುಡ ನೆಲದ ಮೇಲೆ ಹೊರಗೆ ಜಾರತೊಡಗಿದರೆ ಅದರ ತುದಿ ಗೋಡೆಗುಂಟ ಕೆಳಗಿಳಿಯುತ್ತದೆ. ಬುಡದ ಚಲನೆ ನೆಲದ ಸರಳರೇಖೆಯ ಮೇಲೆ, ತುದಿಯ ಚಲನೆ ಗೋಡೆಯ ಸರಳರೇಖೆಯ ಮೇಲೆ. ಹಾಗಾದರೆ ಏಣಿಯ ಸರಿಯಾದ ನಡುವಿನಲ್ಲಿ ಗುರುತು ಮಾಡಿದ ಬಿಂದು ಯಾವ ಹಾದಿಯಲ್ಲಿ ಸಾಗುತ್ತದೆ? ಈ ಪ್ರಶ್ನೆಯನ್ನು ಮೊದಲ ಬಾರಿಗೆ ಎದುರಿಸುವವರಲ್ಲಿ ಹಲವರು, ಗೋಡೆಯ ಬಳಿ ಕಡಿದಾಗಿ ಇಳಿದು, ಮೂಲೆಯ ಕಡೆಗೆ ಒಳಬಾಗಿ, ಕೊನೆಗೆ ನೆಲದ ಮೇಲೆ ಚಪ್ಪಟೆಯಾಗಿ ಹರಡುವ ಒಂದು ವಕ್ರರೇಖೆಯನ್ನು ಊಹಿಸುತ್ತಾರೆ. ನಿಜವಾದ ಹಾದಿ ಇದಕ್ಕೆ ವಿರುದ್ಧವಾಗಿದೆ. ಅದು ಮೂಲೆಯಿಂದ ಹೊರಕ್ಕೆ ಉಬ್ಬಿದ ಕಾಲು ವೃತ್ತ. ಅದರ ಕೇಂದ್ರ ಗೋಡೆ ಮತ್ತು ನೆಲ ಸೇರುವ ಮೂಲೆ, ಅದರ ತ್ರಿಜ್ಯ ಏಣಿಯ ಉದ್ದದ ಅರ್ಧ.

ಊಹೆ ತಪ್ಪುವುದಕ್ಕೆ ಒಂದು ಸಕಾರಣವಿದೆ. ಜಾರುವ ಏಣಿಯ ಹಲವು ಸ್ಥಾನಗಳನ್ನು ಒಂದೇ ಚಿತ್ರದಲ್ಲಿ ಗೆರೆಗಳಾಗಿ ಎಳೆದರೆ, ಆ ಎಲ್ಲ ಗೆರೆಗಳ ಹೊರ ಅಂಚಿನಲ್ಲಿ ಮೂಲೆಯ ಕಡೆಗೆ ಬಾಗಿದ ಒಂದು ವಕ್ರರೇಖೆ ತಾನಾಗಿ ಮೂಡುತ್ತದೆ. ಅದಕ್ಕೆ ಆಸ್ಟ್ರಾಯ್ಡ್ ಎಂದು ಹೆಸರು. ಆ ಅಂಚು ಒಂದೇ ಬಿಂದುವಿನ ಹಾದಿಯಲ್ಲ. ಏಣಿಯ ಒಂದೊಂದು ಸ್ಥಾನದಲ್ಲಿ ಏಣಿಯ ಬೇರೆಬೇರೆ ಬಿಂದು ಆ ಅಂಚನ್ನು ಮುಟ್ಟುತ್ತದೆ. ಏಣಿ ನೆಲದೊಂದಿಗೆ 45 ಡಿಗ್ರಿ ಕೋನ ಮಾಡಿದಾಗ ಮಾತ್ರ ಹಾಗೆ ಮುಟ್ಟುವ ಬಿಂದು ಏಣಿಯ ಮಧ್ಯಬಿಂದುವೇ ಆಗಿರುತ್ತದೆ. ಕಣ್ಣು ಈ ಅಂಚನ್ನು ಕಂಡು ಅದನ್ನೇ ಮಧ್ಯಬಿಂದುವಿನ ಹಾದಿ ಎಂದು ಭಾವಿಸುವುದರಿಂದ, ಲೆಕ್ಕಕ್ಕೆ ಮೊದಲು ಕೈಯಿಂದ ಒಂದು ಚಿತ್ರ ಮಾಡಿಕೊಳ್ಳುವುದು ಉತ್ತಮ.

ಮೊದಲ ಹೆಜ್ಜೆ: ಹಾಳೆಯ ಮೇಲೆ ಹಾದಿಯನ್ನು ಮೂಡಿಸುವುದು

ಹಾಳೆಯ ಮೇಲೆ ಒಂದು ಅಡ್ಡಗೆರೆಯನ್ನೂ ಅದರ ಎಡತುದಿಯಿಂದ ಒಂದು ಲಂಬಗೆರೆಯನ್ನೂ ಎಳೆಯಿರಿ. ಎರಡೂ 10 ಸೆಂಟಿಮೀಟರಿಗಿಂತ ತುಸು ಉದ್ದವಾಗಿರಲಿ. ಅಡ್ಡಗೆರೆ ನೆಲ, ಲಂಬಗೆರೆ ಗೋಡೆ, ಅವು ಸೇರುವ ಬಿಂದು O. ದಪ್ಪ ಕಾಗದದಿಂದ ಸರಿಯಾಗಿ 10 ಸೆಂಟಿಮೀಟರ್ ಉದ್ದದ ಕಿರಿದಾದ ಪಟ್ಟಿಯೊಂದನ್ನು ಕತ್ತರಿಸಿಕೊಂಡು, ಅದರ ಒಂದು ಅಂಚನ್ನು ಏಣಿಯೆಂದು ಭಾವಿಸಿ, ಆ ಅಂಚಿನ ಮೇಲೆ 5 ಸೆಂಟಿಮೀಟರಿಗೆ ಒಂದು ಸಣ್ಣ ಗುರುತು ಮಾಡಿ. ಅಂಚಿನ ಕೆಳತುದಿಗೆ A ಎಂದೂ ಮೇಲ್ತುದಿಗೆ B ಎಂದೂ ನಡುವಿನ ಗುರುತಿಗೆ M ಎಂದೂ ಹೆಸರಿಡೋಣ.

ಗೆರೆಗಳು ನಿಜವಾಗಿಯೂ ಲಂಬವಾಗಿವೆಯೇ ಎಂಬುದನ್ನು ಈ ಪಟ್ಟಿಯಿಂದಲೇ ಪರೀಕ್ಷಿಸಬಹುದು. ನೆಲದ ಗೆರೆಯ ಮೇಲೆ O ಯಿಂದ 6 ಸೆಂಟಿಮೀಟರಿಗೆ ಒಂದು ಗುರುತು, ಗೋಡೆಯ ಗೆರೆಯ ಮೇಲೆ 8 ಸೆಂಟಿಮೀಟರಿಗೆ ಒಂದು ಗುರುತು ಮಾಡಿ, ಪಟ್ಟಿಯ ಎರಡು ತುದಿಗಳನ್ನು ಆ ಗುರುತುಗಳ ಮೇಲಿಡಿ. 36 ಮತ್ತು 64 ಕೂಡಿದರೆ 100 ಆಗುವುದರಿಂದ, ಕೋನ ಲಂಬವಾಗಿದ್ದರೆ ಪಟ್ಟಿ ಎರಡೂ ಗುರುತುಗಳಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಪಟ್ಟಿ ಗುರುತುಗಳ ಆಚೆಗೆ ಚಾಚಿದರೆ ಕೋನ 90 ಡಿಗ್ರಿಗಿಂತ ಕಡಿಮೆಯಿದೆ, ಸಾಲದೆ ಹೋದರೆ ಹೆಚ್ಚಿದೆ. ಈ ಪರೀಕ್ಷೆಯನ್ನು ಬಿಡದೆ ಮಾಡಿ; ಕೋನದಲ್ಲಿ ಮೂರು ಡಿಗ್ರಿಯಷ್ಟು ವ್ಯತ್ಯಾಸವಾದರೂ ಚಿತ್ರ ಹೇಗೆ ಕೆಡುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಈಗ ಪಟ್ಟಿಯನ್ನು ಗೋಡೆಗೆ ಅಂಟಿದಂತೆ ನೆಟ್ಟಗೆ ನಿಲ್ಲಿಸಿ, A ತುದಿಯನ್ನು ಸ್ವಲ್ಪಸ್ವಲ್ಪವೇ ಬಲಕ್ಕೆ ಸರಿಸುತ್ತ, ಪ್ರತಿ ಸಲವೂ A ನೆಲದ ಗೆರೆಯ ಮೇಲೂ B ಗೋಡೆಯ ಗೆರೆಯ ಮೇಲೂ ಇರುವುದನ್ನು ಖಚಿತಪಡಿಸಿಕೊಂಡು, M ಇರುವಲ್ಲಿ ಹಾಳೆಯ ಮೇಲೆ ಚುಕ್ಕೆ ಇಡಿ. ಹತ್ತು ಹನ್ನೆರಡು ಚುಕ್ಕೆಗಳು ಸಾಕು. ಕೊನೆಯ ಚುಕ್ಕೆ, ಪಟ್ಟಿ ಪೂರ್ತಿಯಾಗಿ ನೆಲದ ಗೆರೆಯ ಮೇಲೆ ಮಲಗಿದಾಗ ಸಿಗುವುದು. ನಂತರ ಕೈವಾರದ ಮುಳ್ಳನ್ನು O ಮೇಲಿಟ್ಟು, 5 ಸೆಂಟಿಮೀಟರ್ ತ್ರಿಜ್ಯದಲ್ಲಿ ಕಂಸವನ್ನು ಎಳೆಯಿರಿ. ಕಂಸ ಎಲ್ಲ ಚುಕ್ಕೆಗಳ ಮೂಲಕ ಹಾಯುತ್ತದೆ.

ಎರಡನೆಯ ಹೆಜ್ಜೆ: ಮಧ್ಯರೇಖೆಯನ್ನು ಎಳೆಯುವುದು

ಚುಕ್ಕೆಗಳು ಕಂಸದ ಮೇಲೆ ಬಿದ್ದುದು ಕಾರಣವನ್ನು ಹೇಳುವುದಿಲ್ಲ. ಕಾರಣ ಬೇಕಿದ್ದರೆ ಏಣಿಯನ್ನು ಯಾವುದಾದರೂ ಒಂದು ಸ್ಥಾನದಲ್ಲಿ ನಿಲ್ಲಿಸಿ, ಚಲನೆಯನ್ನು ಕೆಲಹೊತ್ತು ಮರೆತು, ಕಾಣುವ ತ್ರಿಭುಜವನ್ನು ಮಾತ್ರ ನೋಡಬೇಕು. O ಎಂಬಲ್ಲಿ ಲಂಬಕೋನ, ನೆಲದ ಮೇಲೆ OA, ಗೋಡೆಯ ಮೇಲೆ OB, ಏಣಿಯೇ ವಿಕರ್ಣ AB. O ಯಿಂದ ವಿಕರ್ಣದ ಮಧ್ಯಬಿಂದುವಾದ M ಗೆ ಎಳೆದ ಗೆರೆಯೇ ಈ ತ್ರಿಭುಜದ ಮಧ್ಯರೇಖೆ OM. ನಮ್ಮ ಪ್ರಶ್ನೆಯೆಲ್ಲ ಈ ಒಂದು ಗೆರೆಯ ಉದ್ದದಲ್ಲಿ ಅಡಗಿದೆ: ಏಣಿ ಯಾವ ಸ್ಥಾನದಲ್ಲಿದ್ದರೂ OM ಉದ್ದ ಒಂದೇ ಆಗಿದ್ದರೆ, M ಎಂಬುದು O ಯಿಂದ ಒಂದೇ ದೂರದಲ್ಲಿ ಉಳಿಯುತ್ತದೆ, ಅಂದರೆ ವೃತ್ತದ ಮೇಲೆ ಚಲಿಸುತ್ತದೆ.

M ನಿಂದ ನೆಲಕ್ಕೆ ಒಂದು ಲಂಬವನ್ನು ಇಳಿಸಿ, ಅದು ನೆಲವನ್ನು ಸೇರುವ ಬಿಂದುವನ್ನು N ಎನ್ನಿ. MN ಮತ್ತು ಗೋಡೆ ಎರಡೂ ನೆಲಕ್ಕೆ ಲಂಬವಾಗಿರುವುದರಿಂದ ಅವು ಪರಸ್ಪರ ಸಮಾಂತರ. ತ್ರಿಭುಜದ ಒಂದು ಬಾಹುವಿನ ಮಧ್ಯಬಿಂದುವಿನಿಂದ ಇನ್ನೊಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಮೂರನೆಯ ಬಾಹುವನ್ನು ಅರ್ಧಿಸುತ್ತದೆ ಎಂಬುದು ನಮಗೆ ತಿಳಿದಿದೆ. ಆದ್ದರಿಂದ N ಎಂಬುದು OA ಯ ಮಧ್ಯಬಿಂದು. ಈಗ MNO ಮತ್ತು MNA ಎಂಬ ಎರಡು ಸಣ್ಣ ತ್ರಿಭುಜಗಳನ್ನು ಗಮನಿಸಿ. MN ಎರಡಕ್ಕೂ ಸಾಮಾನ್ಯ ಬಾಹು, NO ಮತ್ತು NA ಸಮ, N ನಲ್ಲಿ ಎರಡು ಕಡೆಯೂ ಲಂಬಕೋನ. ಎರಡು ಬಾಹುಗಳೂ ಅವುಗಳ ನಡುವಿನ ಕೋನವೂ ಸಮವಾಗಿರುವುದರಿಂದ ಈ ತ್ರಿಭುಜಗಳು ಸರ್ವಸಮ. ಹೀಗಾಗಿ MO = MA, ಮತ್ತು MA ಎಂಬುದು ಏಣಿಯ ಅರ್ಧ.

ಏಣಿಯ ಉದ್ದವನ್ನು L ಎಂದರೆ, ಯಾವ ಸ್ಥಾನದಲ್ಲೂ OM = L/2. ಈ ವಾದದಲ್ಲಿ ಬುಡ ಎಷ್ಟು ದೂರ ಸರಿದಿದೆ ಎಂಬ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಬಳಸಿಕೊಂಡದ್ದು ಎರಡೇ ಸಂಗತಿಗಳನ್ನು: M ನಡುವಿನಲ್ಲಿದೆ, O ನಲ್ಲಿರುವುದು ಲಂಬಕೋನ. ಏಣಿ ಜಾರುವಾಗ OA, OB, ಏಣಿಯ ಓರೆ ಎಲ್ಲವೂ ಬದಲಾಗುತ್ತವೆ, ಆದರೆ ಈ ಎರಡು ಬದಲಾಗುವುದಿಲ್ಲ; ಆದ್ದರಿಂದ ಮಧ್ಯರೇಖೆಯ ಉದ್ದವೂ ಬದಲಾಗುವುದಿಲ್ಲ.

ಇದೇ ಫಲಿತಾಂಶವನ್ನು ನಿರ್ದೇಶಾಂಕಗಳಿಂದ ಎರಡು ಸಾಲಿನಲ್ಲಿ ಪಡೆಯಬಹುದು. M ನ ನಿರ್ದೇಶಾಂಕಗಳು (x, y) ಆದರೆ OA = 2x, OB = 2y; ಪೈಥಾಗೊರಸ್ ಪ್ರಮೇಯದಂತೆ 4x² + 4y² = L², ಅಂದರೆ x² + y² = (L/2)². ಉತ್ತರ ಸರಿಯಾಗಿದೆ, ದಾರಿಯೂ ಚಿಕ್ಕದು. ಆದರೂ ನಾನು ಮಧ್ಯರೇಖೆಯ ದಾರಿಯನ್ನೇ ಮೊದಲು ಹೇಳುವುದು ಲೇಸೆನ್ನುತ್ತೇನೆ, ಏಕೆಂದರೆ ಅದು ಚಲನೆಯನ್ನೂ ಕಾಣಿಸುತ್ತದೆ. MO ಮತ್ತು MA ಸಮವಾಗಿರುವುದರಿಂದ OMA ಒಂದು ಸಮದ್ವಿಬಾಹು ತ್ರಿಭುಜ, ಆದ್ದರಿಂದ ಏಣಿ ನೆಲದೊಂದಿಗೆ ಮಾಡುವ ಕೋನವೂ ಮಧ್ಯರೇಖೆ ನೆಲದೊಂದಿಗೆ ಮಾಡುವ ಕೋನವೂ ಸಮ. ಏಣಿ 70 ಡಿಗ್ರಿಯಲ್ಲಿ ನಿಂತಿದ್ದರೆ OM ಕೂಡ 70 ಡಿಗ್ರಿಯಲ್ಲಿದೆ; ಏಣಿ 20 ಡಿಗ್ರಿಗೆ ಇಳಿದರೆ OM ಕೂಡ 20 ಡಿಗ್ರಿಗೆ ಇಳಿದಿದೆ. ಏಣಿ ಜಾರುತ್ತಿರುವಾಗ, ಕಣ್ಣಿಗೆ ಕಾಣದ ಈ ಮಧ್ಯರೇಖೆ ಗಡಿಯಾರದ ಮುಳ್ಳಿನಂತೆ O ಸುತ್ತ ತಿರುಗುತ್ತ ಗೋಡೆಯಿಂದ ನೆಲಕ್ಕೆ ಬಂದು ಮಲಗುತ್ತದೆ.

ಒಂದು ಸೂಕ್ಷ್ಮವನ್ನು ಬಿಡಬಾರದು. ಏಣಿ ಗೋಡೆಗೆ ಅಂಟಿ ನೆಟ್ಟಗೆ ನಿಂತಾಗ ಮತ್ತು ನೆಲದ ಮೇಲೆ ಪೂರ್ತಿ ಮಲಗಿದಾಗ ತ್ರಿಭುಜವೇ ಇರುವುದಿಲ್ಲ, ಆದ್ದರಿಂದ ಮೇಲಿನ ವಾದ ಆ ಎರಡು ಸ್ಥಾನಗಳಿಗೆ ಅನ್ವಯಿಸುವುದಿಲ್ಲ. ಆದರೆ ಅಲ್ಲಿ ಏಣಿಯ ಒಂದು ತುದಿ O ಮೇಲೆಯೇ ಇರುವುದರಿಂದ OM ಏಣಿಯ ಅರ್ಧವೆಂಬುದು ನೇರವಾಗಿ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ಕಂಸ ಪೂರ್ತಿಯಾಗಿ ತುಂಬುತ್ತದೆಯೇ?

ಬಿಂದುಪಥದ ಪ್ರಶ್ನೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಭಾಗ ಇದು. ಇಲ್ಲಿಯವರೆಗೆ ನಾವು ತೋರಿಸಿದ್ದು, M ಎಂದಿಗೂ ಕಾಲು ವೃತ್ತವನ್ನು ಬಿಟ್ಟು ಹೋಗುವುದಿಲ್ಲ ಎಂಬುದನ್ನು ಮಾತ್ರ. ಕಾಲು ವೃತ್ತದ ಪ್ರತಿಯೊಂದು ಬಿಂದುವನ್ನೂ ಅದು ಮುಟ್ಟುತ್ತದೆ ಎಂಬುದನ್ನು ಬೇರೆಯಾಗಿ ತೋರಿಸಬೇಕು.

ಕಂಸದ ಮೇಲೆ, ಅದರ ಎರಡು ತುದಿಗಳನ್ನು ಬಿಟ್ಟು, ನಿಮಗಿಷ್ಟವಾದ ಒಂದು ಬಿಂದುವನ್ನು ಆರಿಸಿ M ಎನ್ನಿ. ಅಲ್ಲಿಂದ ನೆಲಕ್ಕೆ ಲಂಬ MN ಇಳಿಸಿ. ನೆಲದ ಮೇಲೆ O ಯಿಂದ ON ನ ಎರಡರಷ್ಟು ದೂರದಲ್ಲಿ A ಯನ್ನು ಗುರುತಿಸಿ, A ಯಿಂದ M ಮೂಲಕ ಗೆರೆ ಎಳೆದು ಗೋಡೆಯವರೆಗೆ ಮುಂದುವರಿಸಿ. ಅದು ಗೋಡೆಯನ್ನು ಸೇರುವ ಬಿಂದು B ಆಗಿರಲಿ. N ಎಂಬುದು OA ಯ ಮಧ್ಯಬಿಂದುವಾಗಿದ್ದು MN ಗೋಡೆಗೆ ಸಮಾಂತರವಾಗಿರುವುದರಿಂದ, M ಎಂಬುದು AB ಯ ಮಧ್ಯಬಿಂದು. ಮೊದಲಿನಂತೆಯೇ MA = MO = L/2, ಆದ್ದರಿಂದ AB = L. ಅಂದರೆ ನಾವು ಎಳೆದ ಗೆರೆ ಏಣಿಯದೇ ಒಂದು ಸ್ಥಾನ, ಮತ್ತು ಆ ಸ್ಥಾನದಲ್ಲಿ ಏಣಿಯ ನಡು ನಾವು ಆರಿಸಿದ ಬಿಂದುವಿನ ಮೇಲೆಯೇ ಇದೆ. ಹೀಗೆ ಬಿಂದುಪಥವೆಂದರೆ ಕಾಲು ವೃತ್ತದ ಪೂರ್ಣ ಕಂಸ, ಅದರಲ್ಲಿ ಯಾವ ತೆರಪೂ ಇಲ್ಲ.

ನಾಲ್ಕನೆಯ ಹೆಜ್ಜೆ: 5 ಮೀಟರಿನ ಏಣಿಯೊಂದನ್ನು ಲೆಕ್ಕ ಹಾಕುವುದು

ಏಣಿಯ ಉದ್ದ 5 ಮೀಟರ್ ಆಗಿರಲಿ. ಹಾಗಾದರೆ ಕಂಸದ ತ್ರಿಜ್ಯ 2.5 ಮೀಟರ್. ಬುಡ ಗೋಡೆಯಿಂದ 1.4 ಮೀಟರ್ ದೂರದಲ್ಲಿದ್ದರೆ ತುದಿ 4.8 ಮೀಟರ್ ಎತ್ತರದಲ್ಲಿರುತ್ತದೆ, ಏಕೆಂದರೆ 1.96 ಮತ್ತು 23.04 ಕೂಡಿದರೆ 25. ಮಧ್ಯಬಿಂದು ಗೋಡೆಯಿಂದ 0.7 ಮೀಟರ್, ನೆಲದಿಂದ 2.4 ಮೀಟರ್ ದೂರದಲ್ಲಿದೆ. ಮೂಲೆಯಿಂದ ಅದರ ದೂರದ ವರ್ಗ 0.49 + 5.76 = 6.25, ವರ್ಗಮೂಲ 2.5. ಬುಡ 3 ಮೀಟರಿಗೆ ಸರಿದಾಗ ತುದಿ 4 ಮೀಟರಿಗೆ ಇಳಿಯುತ್ತದೆ, ಮಧ್ಯಬಿಂದು (1.5, 2) ಆಗುತ್ತದೆ, 2.25 + 4 ಮತ್ತೆ 6.25. ಬುಡ 4.8 ಮೀಟರಿಗೆ ಬಂದಾಗ ಮೊದಲ ಸ್ಥಾನದ ಅಂಕಿಗಳೇ ಅದಲುಬದಲಾಗಿ ಮಧ್ಯಬಿಂದು (2.4, 0.7) ಆಗುತ್ತದೆ.

ಈ ಅಂಕಿಗಳಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ನೆಟ್ಟಗೆ ನಿಂತ ಏಣಿಯ ಬುಡ ಮೊದಲ 1.4 ಮೀಟರ್ ಸರಿಯುವಾಗ ಮಧ್ಯಬಿಂದು 2.5 ಮೀಟರಿನಿಂದ 2.4 ಮೀಟರಿಗೆ, ಅಂದರೆ 10 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಕೊನೆಯಲ್ಲಿ ಬುಡ 4.8 ರಿಂದ 5 ಮೀಟರಿಗೆ, ಅಂದರೆ 20 ಸೆಂಟಿಮೀಟರ್ ಸರಿಯುವಷ್ಟರಲ್ಲಿ ಅದೇ ಮಧ್ಯಬಿಂದು 70 ಸೆಂಟಿಮೀಟರ್ ಇಳಿದು ನೆಲ ಸೇರುತ್ತದೆ. ವೃತ್ತದ ಮೇಲ್ಭಾಗದಲ್ಲಿ ಕಂಸ ಬಹುಮಟ್ಟಿಗೆ ಅಡ್ಡವಾಗಿ ಸಾಗುತ್ತದೆ, ನೆಲದ ಬಳಿ ಬಹುಮಟ್ಟಿಗೆ ನೇರವಾಗಿ ಕೆಳಗಿಳಿಯುತ್ತದೆ. ಒಳಬಾಗಿದ ವಕ್ರರೇಖೆಯನ್ನು ಊಹಿಸಿದವರು ನಿರೀಕ್ಷಿಸುವುದು ಇದಕ್ಕೆ ಸರಿಯಾಗಿ ತಿರುವುಮುರುವಾದ ಇಳಿತವನ್ನು.

ಚುಕ್ಕೆಗಳು ಕಂಸದ ಮೇಲೆ ಬೀಳದಿದ್ದರೆ

ಹಾಳೆಯ ಪ್ರಯೋಗದಲ್ಲಿ ತಪ್ಪಾಗುವುದು ಮುಖ್ಯವಾಗಿ ಎರಡು ಕಡೆ, ಮತ್ತು ಚುಕ್ಕೆಗಳು ತಪ್ಪಿದ ಬಗೆಯನ್ನು ನೋಡಿಯೇ ತಪ್ಪು ಯಾವುದೆಂದು ಹೇಳಬಹುದು.

ಮೊದಲನೆಯದು ಕೋನದ ತಪ್ಪು. ಎರಡು ತುದಿಗಳ ಬಳಿ ಚುಕ್ಕೆಗಳು ಕಂಸದ ಮೇಲೆ ಸರಿಯಾಗಿ ಕುಳಿತು, ನಡುವಿನ ಚುಕ್ಕೆಗಳು ಮಾತ್ರ ಕಂಸದಿಂದ ಹೊರಗೆ ಬಿದ್ದಿದ್ದರೆ, ಗೋಡೆ ಮತ್ತು ನೆಲದ ಗೆರೆಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಿದೆ. ನಡುವಿನ ಚುಕ್ಕೆಗಳು ಒಳಗೆ ಬಿದ್ದಿದ್ದರೆ ಕೋನ ಹೆಚ್ಚಿದೆ. ಇದಕ್ಕೂ ಮಧ್ಯರೇಖೆಯೇ ಕಾರಣ. AB ಯನ್ನು ವ್ಯಾಸವಾಗಿಟ್ಟುಕೊಂಡು ಒಂದು ವೃತ್ತವನ್ನು ಎಳೆದರೆ ಅದರ ಕೇಂದ್ರ M, ತ್ರಿಜ್ಯ ಪಟ್ಟಿಯ ಅರ್ಧ. ಅರ್ಧವೃತ್ತದಲ್ಲಿನ ಕೋನ ಲಂಬಕೋನವಾಗಿರುವುದರಿಂದ, O ನಲ್ಲಿ ಲಂಬಕೋನವಿದ್ದರೆ O ಈ ವೃತ್ತದ ಮೇಲೆಯೇ ಇರುತ್ತದೆ. ಲಘುಕೋನವಿದ್ದರೆ O ವೃತ್ತದ ಹೊರಗೆ ಹೋಗುತ್ತದೆ, ಆಗ OM ಅರ್ಧಕ್ಕಿಂತ ಉದ್ದವಾಗುತ್ತದೆ. ವಿಶಾಲಕೋನವಿದ್ದರೆ O ಒಳಗೆ ಬಂದು OM ಗಿಡ್ಡವಾಗುತ್ತದೆ. ತುದಿಗಳ ಬಳಿ ತಪ್ಪು ಕಾಣದಿರಲು ಕಾರಣ, ಅಲ್ಲಿ ಪಟ್ಟಿಯ ಒಂದು ಕೊನೆ O ಹತ್ತಿರವೇ ಇರುವುದು. ಕೋನ 87 ಡಿಗ್ರಿಯಾಗಿದ್ದರೆ, 10 ಸೆಂಟಿಮೀಟರ್ ಪಟ್ಟಿಯ ನಡುವಿನ ಸ್ಥಾನದಲ್ಲಿ OM ಸುಮಾರು 5.27 ಸೆಂಟಿಮೀಟರ್ ಆಗುತ್ತದೆ. ಎರಡೂವರೆ ಮಿಲಿಮೀಟರಿಗೂ ಹೆಚ್ಚಿನ ಈ ಉಬ್ಬು ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಎರಡನೆಯದು M ನ ಗುರುತಿನ ತಪ್ಪು. ಇದರಲ್ಲಿ ಚುಕ್ಕೆಗಳು ಒಂದು ತುದಿಯಲ್ಲಿ ಕಂಸದ ಒಳಗೂ ಇನ್ನೊಂದು ತುದಿಯಲ್ಲಿ ಹೊರಗೂ ಬೀಳುತ್ತವೆ. ಗುರುತು ಬುಡದಿಂದ 5 ಸೆಂಟಿಮೀಟರಿನ ಬದಲು 4.8 ಸೆಂಟಿಮೀಟರಿಗೆ ಬಿದ್ದಿದ್ದರೆ, ಪಟ್ಟಿ ನಿಂತಾಗ O ಯಿಂದ ಅದರ ದೂರ 4.8, ಮಲಗಿದಾಗ 5.2. ನಡುವಿನ ಚುಕ್ಕೆಗಳು ಇವೆರಡನ್ನೂ ಕೂಡಿಸುತ್ತ ಹೋಗುತ್ತವೆ, ಮತ್ತು ಆಗ ಸಿಗುವ ಹಾದಿ ದೀರ್ಘವೃತ್ತದ ಕಾಲು ಭಾಗ. ಏಣಿಯ ಮೇಲೆ ತುದಿಗಳ ನಡುವಿನ ಯಾವ ಬಿಂದುವನ್ನು ಆರಿಸಿದರೂ ಅದು ದೀರ್ಘವೃತ್ತದ ಮೇಲೆಯೇ ಸಾಗುತ್ತದೆ. ನಡುವಿನ ಬಿಂದುವಿಗೆ ಮಾತ್ರ ಎರಡು ಅಕ್ಷಗಳು ಸಮವಾಗಿ ದೀರ್ಘವೃತ್ತ ವೃತ್ತವಾಗುತ್ತದೆ. ದೀರ್ಘವೃತ್ತವನ್ನು ಬಿಡಿಸಲು ಬಳಸುವ, ಆರ್ಕಿಮಿಡೀಸ್ ಹೆಸರು ಹೊತ್ತಿರುವ ಉಪಕರಣವೂ ಒಂದನ್ನೊಂದು ಲಂಬವಾಗಿ ಹಾಯುವ ಎರಡು ಜಾಡುಗಳಲ್ಲಿ ಸಲಾಕೆಯೊಂದನ್ನು ಜಾರಿಸುವ ಇದೇ ತತ್ತ್ವದ ಮೇಲೆ ನಿಂತಿದೆ.

ನಿಜವಾದ ಏಣಿ ಗೋಡೆಯನ್ನು ಬಿಡುವ ಕ್ಷಣ

ಮೇಲಿನ ಎಲ್ಲ ವಾದವೂ ತುದಿ ಗೋಡೆಯನ್ನೂ ಬುಡ ನೆಲವನ್ನೂ ಬಿಡುವುದಿಲ್ಲ ಎಂಬ ಷರತ್ತಿನ ಮೇಲೆ ನಿಂತಿದೆ. ಹಾಳೆಯ ಮೇಲೆ ಆ ಷರತ್ತನ್ನು ಕಾಯುವುದು ನಮ್ಮ ಕೈ. ತಾನಾಗಿ ಬೀಳುವ ಏಣಿ ಅದನ್ನು ಕೊನೆಯವರೆಗೆ ಪಾಲಿಸುವುದಿಲ್ಲ. ಗೋಡೆ ಮತ್ತು ನೆಲದಲ್ಲಿ ಘರ್ಷಣೆಯೇ ಇಲ್ಲವೆಂದೂ ಏಣಿಯ ತೂಕ ಉದ್ದಕ್ಕೂ ಸಮನಾಗಿ ಹಂಚಿದೆಯೆಂದೂ ನಿಶ್ಚಲ ಸ್ಥಿತಿಯಿಂದ ಬಿಟ್ಟಿದ್ದೇವೆಂದೂ ಇಟ್ಟುಕೊಂಡರೆ, ತುದಿಯ ಎತ್ತರ ಆರಂಭದ ಎತ್ತರದ ಮೂರನೆಯ ಎರಡರಷ್ಟಕ್ಕೆ ಇಳಿದಾಗ ಗೋಡೆಯ ಒತ್ತು ಸೊನ್ನೆಯಾಗುತ್ತದೆ, ಅಲ್ಲಿಂದಾಚೆಗೆ ತುದಿ ಗೋಡೆಯಿಂದ ಬೇರ್ಪಡುತ್ತದೆ ಎಂದು ಚಲನಶಾಸ್ತ್ರದ ಲೆಕ್ಕ ಹೇಳುತ್ತದೆ. ಏಣಿಯನ್ನು ಅಡ್ಡಕ್ಕೆ ತಳ್ಳುತ್ತಿದ್ದುದು ಗೋಡೆ ಮಾತ್ರ. ಗೋಡೆ ಎಳೆಯಲಾರದು, ತಳ್ಳಬಲ್ಲದು ಅಷ್ಟೇ.

ನಮ್ಮ 5 ಮೀಟರಿನ ಏಣಿಯನ್ನು ತುದಿ 4.8 ಮೀಟರ್ ಎತ್ತರದಲ್ಲಿರುವಾಗ ಬಿಟ್ಟರೆ, ತುದಿ 3.2 ಮೀಟರಿಗೆ ಬಂದಾಗ ಗೋಡೆಯ ನಂಟು ಕಡಿಯುತ್ತದೆ. ಆಗ ಬುಡ ಸುಮಾರು 3.84 ಮೀಟರ್ ದೂರದಲ್ಲಿ, ಮಧ್ಯಬಿಂದು ಸುಮಾರು (1.92, 1.6) ಎಂಬಲ್ಲಿರುತ್ತದೆ. ಅಲ್ಲಿಯವರೆಗೆ ಮಧ್ಯಬಿಂದು ಕಂಸದ ಮೇಲಿತ್ತು. ಆನಂತರ ಅಡ್ಡದಿಕ್ಕಿನಲ್ಲಿ ಯಾವ ಬಲವೂ ಇಲ್ಲದ ಕಾರಣ ಅದು ಬದಲಾಗದ ಅಡ್ಡವೇಗದಿಂದ ಮುಂದೆ ಸಾಗುತ್ತ ಕಂಸದ ಹೊರಗೆ ಹೋಗುತ್ತದೆ. O ನಲ್ಲಿ ಶೃಂಗವಿದ್ದ ಲಂಬಕೋನ ತ್ರಿಭುಜ ಮುರಿದುಹೋಗಿದೆ, ಮಧ್ಯರೇಖೆಯ ವಾದಕ್ಕೆ ಹಿಡಿಯಲು ಆಧಾರವಿಲ್ಲ.

ತುದಿ ಗೋಡೆಯನ್ನು ಬಿಡದಂತೆ ಮಾಡಬೇಕಾದರೆ, ಕಾಣದ ಮಧ್ಯರೇಖೆಯನ್ನೇ ನಿಜವಾದ ಸಲಾಕೆಯಾಗಿ ಜೋಡಿಸಬಹುದು. ಏಣಿಯ ಅರ್ಧದಷ್ಟು ಉದ್ದದ ಸಲಾಕೆಯ ಒಂದು ಕೊನೆಯನ್ನು ಮೂಲೆಯಲ್ಲಿ ತಿರುಗುವಂತೆ ಕೀಲಿಸಿ, ಇನ್ನೊಂದು ಕೊನೆಯನ್ನು ಏಣಿಯ ನಡುವಿಗೆ ಕೀಲಿಸಿದರೆ, ಬುಡ ನೆಲದ ಮೇಲೆ ಜಾರುವಾಗ MO, MA, MB ಮೂರೂ ಸಮವಾಗಿಯೇ ಉಳಿಯುತ್ತವೆ. ಹಾಗಾಗಿ O ಎಂಬುದು AB ವ್ಯಾಸದ ವೃತ್ತದ ಮೇಲೆಯೇ ಇರುತ್ತದೆ, ಅಲ್ಲಿನ ಕೋನ ಲಂಬಕೋನವಾಗಿಯೇ ಇರುತ್ತದೆ, ಮತ್ತು ಗೋಡೆಯನ್ನು ತೆಗೆದುಹಾಕಿದರೂ ತುದಿ ಗೋಡೆಯಿದ್ದ ಸರಳರೇಖೆಯ ಮೇಲೆಯೇ ಏರಿಳಿಯುತ್ತದೆ. ಯಂತ್ರಶಾಸ್ತ್ರದಲ್ಲಿ ಸ್ಕಾಟ್ ರಸೆಲ್ ಜೋಡಣೆ ಎಂದು ಕರೆಯುವ, ಅಡ್ಡ ಚಲನೆಯನ್ನು ಅದಕ್ಕೆ ಲಂಬವಾದ ಸರಳರೇಖೆಯ ಚಲನೆಯಾಗಿ ಬದಲಿಸುವ ರಚನೆ ಇದೇ. ದಪ್ಪ ಕಾಗದದ ಇನ್ನೊಂದು 5 ಸೆಂಟಿಮೀಟರ್ ಪಟ್ಟಿಯನ್ನು ಎರಡು ಗುಂಡುಸೂಜಿಗಳಿಂದ O ಮತ್ತು M ಗೆ ಜೋಡಿಸಿ, A ತುದಿಯನ್ನು ಮಾತ್ರ ನೆಲದ ಗೆರೆಯ ಮೇಲೆ ಸರಿಸಿದರೆ, B ತುದಿ ಗೋಡೆಯ ಗೆರೆಯನ್ನು ತಪ್ಪದೆ ಹಿಡಿದು ಸಾಗುವುದನ್ನು ಅದೇ ಹಾಳೆಯ ಮೇಲೆ ನೋಡಬಹುದು.